ಮಲೆನಾಡಿನ ಮಳೆಗಾಲಕ್ಕೆ ಡೈಪರ್ ಬ್ಯಾಗ್: ಹೊರಡುವಾಗ ಏನಿರಬೇಕು, ಬಂದ ಮೇಲೆ ಏನು ತುಂಬಬೇಕು

ಡೈಪರ್ ಬ್ಯಾಗ್ ಕೈಕೊಡುವುದು ಮೊದಲ ಸಲ ಅಲ್ಲ, ಎರಡನೇ ಸಲ. ಮೊದಲ ಸಲ ಹೊರಡುವಾಗ ಮನೆಮಂದಿಯೆಲ್ಲ ಸೇರಿ ನೆನಪು ಮಾಡಿ ಮಾಡಿ ತುಂಬಿರುತ್ತಾರೆ. ವಾಪಸ್ ಬಂದಾಗ ಮಗು ಅಳುತ್ತಿರುತ್ತದೆ, ನಮಗೂ ಸಾಕಾಗಿರುತ್ತದೆ, ಬ್ಯಾಗ್ ಬಾಗಿಲ ಹಿಂದಿನ ಮೊಳೆಗೆ ಹೋಗುತ್ತದೆ. ನಾಲ್ಕು ದಿನ ಬಿಟ್ಟು ಲಸಿಕೆಗೆ ಹೊರಟಾಗ ಅದೇ ಬ್ಯಾಗ್ ಎತ್ತಿಕೊಂಡರೆ ಒಳಗೆ ಒಂದೇ ಒಂದು ಡೈಪರ್, ಒಣಗಿದ ವೈಪ್ಸ್, ಮೂಲೆಯಲ್ಲಿ ಬೂಷ್ಟು ಹಿಡಿದ ಜಬಲ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಇನ್ನೂ ಬೇಗ ಆಗುತ್ತದೆ. ತೊಳೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಬ್ಯಾಗಿನ ಪಟ್ಟಿಗೂ ಹಸಿರು ಬೂಷ್ಟು ಬರುತ್ತದೆ. ಹಾಗಾಗಿ ಮಲೆನಾಡಿನಲ್ಲಿ ಡೈಪರ್ ಬ್ಯಾಗ್ ಅಂದರೆ ಮೊದಲು ತೇವವನ್ನು ದೂರ ಇಡುವ ಕೆಲಸ. ಇಲ್ಲಿ ಹೇಳುವುದು ಹುಟ್ಟಿದಂದಿನಿಂದ ಆರು ತಿಂಗಳವರೆಗಿನ ಮಗುವನ್ನು ಮಳೆಗಾಲದಲ್ಲಿ ಕರೆದುಕೊಂಡು ಹೋಗುವವರಿಗೆ.

ಹೆಜ್ಜೆ 1: ಬ್ಯಾಗನ್ನು ಒಣ ಭಾಗ, ಒದ್ದೆ ಭಾಗ ಅಂತ ಒಡೆಯಿರಿ

ದುಬಾರಿ ಬ್ಯಾಗ್ ಬೇಕಿಲ್ಲ. ಎರಡು ಖಾನೆ ಇರುವ ಬೆನ್ನಿಗೆ ಹಾಕುವ ಬ್ಯಾಗ್ ಸಾಕು. ಬೆನ್ನಿಗೇ ಹಾಕುವಂಥದ್ದು ಯಾಕೆ ಅಂದರೆ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಕೊಡೆ ಇರುತ್ತದೆ. ಬಸ್ಸು ಹತ್ತುವಾಗ ಕಂಬಿ ಹಿಡಿಯುವುದಕ್ಕೆ ಮೂರನೇ ಕೈ ಎಲ್ಲಿಂದ ತರೋದು?

ದೊಡ್ಡ ಖಾನೆ ಒಣ ಭಾಗ. ಇಲ್ಲಿಗೆ ಹೋಗುವ ಎಲ್ಲವೂ ಜಿಪ್ ಕವರಿನೊಳಗೇ ಹೋಗಬೇಕು. ಡೈಪರಿಗೆ ಒಂದು ಕವರ್, ಬಟ್ಟೆಗೆ ಒಂದು. ಡೈಪರಿನ ಒಳಗಿರುವ ಹೀರುವ ಪುಡಿ ಉಚ್ಚೆಯನ್ನಷ್ಟೇ ಅಲ್ಲ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ಬಿಡಿಯಾಗಿ ಬ್ಯಾಗಿನಲ್ಲಿ ಬಿದ್ದಿದ್ದ ಡೈಪರ್ ಮುಟ್ಟಿದರೆ ಮೆತ್ತಗೆ, ತಣ್ಣಗೆ ಅನ್ನಿಸುತ್ತದೆ. ಅಂಥದ್ದನ್ನು ಹೊರಗೆ ಹೋಗುವಾಗ ನಂಬಬೇಡಿ.

ಚಿಕ್ಕ ಖಾನೆ ಒದ್ದೆ ಭಾಗ. ಇದರಲ್ಲಿ ಹೋಗುವಾಗ ಖಾಲಿ ಕವರುಗಳು ಮಾತ್ರ ಇರಬೇಕು. ಬರುವಾಗ ಒದ್ದೆ ಬಟ್ಟೆ, ಬಳಸಿದ ಡೈಪರ್ ಇಲ್ಲಿಗೆ ಸೇರುತ್ತವೆ. ಮಡಚುವ ಕೊಡೆ ಇದ್ದರೆ ಅದನ್ನು ಹೊರಗಿನ ಜೇಬಿಗೆ ಹಾಕಿ, ಒಳಗಂತೂ ಬೇಡ. ಒಂದು ಒದ್ದೆ ಕೊಡೆ ಸಾಕು, ಇಡೀ ಬ್ಯಾಗ್ ಹಾಳು.

ಹೆಜ್ಜೆ 2: ಎಷ್ಟು ಡೈಪರ್ ಅಂತ ಗಂಟೆಯಿಂದ ಲೆಕ್ಕ ಹಾಕಿ

ಮನೆಯಿಂದ ಹೊರಟು ಮನೆ ಸೇರುವವರೆಗಿನ ಒಟ್ಟು ಗಂಟೆಯನ್ನು ಮೂರರಿಂದ ಭಾಗಿಸಿ. ಬಂದ ಅಂಕಿಯನ್ನು ಮೇಲಕ್ಕೆ ಪೂರ್ತಿ ಮಾಡಿ, ಅದಕ್ಕೆ ಎರಡು ಸೇರಿಸಿ. ಒಂದು ತಿಂಗಳೊಳಗಿನ ಮಗುವಾದರೆ ಮೂರರ ಬದಲು ಎರಡರಿಂದ ಭಾಗಿಸಿ, ಆ ವಯಸ್ಸಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಡೈಪರ್ ಆಗುವುದು ಮಾಮೂಲು. ಆ ಎರಡು ಹೆಚ್ಚುವರಿ ಯಾಕೆ? ಒಂದು, ಹಾಕಿ ಐದು ನಿಮಿಷಕ್ಕೆ ಮಗು ಕಕ್ಕ ಮಾಡಿದರೆ. ಇನ್ನೊಂದು, ಮರ ಬಿದ್ದು ರಸ್ತೆ ಬಂದ್ ಆಗಿ ಎರಡು ಗಂಟೆ ಕೂತಲ್ಲೇ ಕೂರಬೇಕಾಗಿ ಬಂದರೆ. ಮಳೆಗಾಲದಲ್ಲಿ ಘಟ್ಟದ ಕಡೆ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂಪು ಹವೆಯಲ್ಲಿ ಬೆವರು ಕಮ್ಮಿ, ಉಚ್ಚೆ ಜಾಸ್ತಿ ಅನ್ನೋದನ್ನೂ ಗಮನದಲ್ಲಿಡಿ.

ಸೈಜ್ ಮಗುವಿನ ತೂಕಕ್ಕೆ ತಕ್ಕ ಹಾಗಿರಬೇಕು, ವಯಸ್ಸಿಗಲ್ಲ. ಸೊಂಟದ ಪಟ್ಟಿ ನಡುವಿಗೆ ಸೇರಲು ಎಳೆದಾಡಬೇಕಾದರೆ, ಅಥವಾ ತೊಡೆಯ ಸಂದಿಯಲ್ಲಿ ಕೆಂಪು ಗೆರೆ ಮೂಡಿ ಬೇಗ ಹೋಗದಿದ್ದರೆ, ಸೈಜ್ ಚಿಕ್ಕದಾಯಿತು ಅಂತ. ಪದೇ ಪದೇ ಬೆನ್ನ ಕಡೆಯಿಂದ ಸೋರಿದರೂ ಮೊದಲು ಅನುಮಾನಿಸಬೇಕಾದ್ದು ಸೈಜನ್ನೇ. ಎದೆಹಾಲು ಕುಡಿಯುವ ಮಗುವಿನ ಕಕ್ಕ ನೀರಾಗಿ, ಹಳದಿಯಾಗಿ ಇರುತ್ತದೆ. ಅದು ಭೇದಿ ಅಲ್ಲ. ಆದರೆ ಸೋರಿದರೆ ಕತ್ತಿನವರೆಗೂ ಹತ್ತುತ್ತದೆ.

ಸೋರುವುದನ್ನು ತಡೆಯಲು ಹಾಕುವಾಗಲೇ ಮೂರು ವಿಷಯ ನೋಡಿ. ತೊಡೆಯ ಸುತ್ತಲಿನ ನಿರಿಗೆ ಒಳಕ್ಕೆ ಮಡಚಿಕೊಂಡಿದ್ದರೆ ಬೆರಳು ಸುತ್ತಾಡಿಸಿ ಹೊರಕ್ಕೆ ಎಳೆಯಿರಿ. ಹೊಟ್ಟೆಯ ಹತ್ತಿರ ಎರಡು ಬೆರಳು ಆಡುವಷ್ಟು ಸಡಿಲ ಇರಲಿ. ಗಂಡು ಮಗುವಾದರೆ ಜನನಾಂಗ ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಉಚ್ಚೆ ಹೊಟ್ಟೆಯ ಕಡೆಯಿಂದ ಜಬಲಕ್ಕೆ ಹರಿಯುತ್ತದೆ.

ಹೆಜ್ಜೆ 3: ಬಟ್ಟೆಯನ್ನು ಸೆಟ್ ಕಟ್ಟಿ ಇಡಿ

ಜಬಲ ಒಂದು ಕಡೆ, ಚಡ್ಡಿ ಒಂದು ಕಡೆ, ಕುಲಾವಿ ಇನ್ನೊಂದು ಕಡೆ ಅಂತ ತುಂಬಿದರೆ ಬೇಕಾದಾಗ ಎಲ್ಲವನ್ನೂ ಕೆದಕಬೇಕು. ಒಂದು ಸೆಟ್ ಅಂದರೆ ಜಬಲ, ಚಡ್ಡಿ, ಕಾಲುಚೀಲ, ಕುಲಾವಿ. ನಾಲ್ಕನ್ನೂ ಸುರುಳಿ ಸುತ್ತಿ ಒಂದೇ ಜಿಪ್ ಕವರಿಗೆ ಹಾಕಿ, ಗಾಳಿ ಹಿಂಡಿ ಮುಚ್ಚಿ. ಅರ್ಧ ದಿನಕ್ಕೆ ಎರಡು ಸೆಟ್, ಇಡೀ ದಿನಕ್ಕೆ ಮೂರು. ಮುಂದೆ ಗುಂಡಿ ಅಥವಾ ಕಟ್ಟುವ ದಾರ ಇರುವ ಜಬಲವೇ ಒಳ್ಳೆಯದು. ಕಕ್ಕ ಹತ್ತಿದ ಬಟ್ಟೆಯನ್ನು ತಲೆಯ ಮೇಲಿಂದ ತೆಗೆದರೆ ಕೂದಲಿಗೆಲ್ಲ ಮೆತ್ತುತ್ತದೆ. ಬಿಚ್ಚಿ ಕೆಳಕ್ಕೆ ಎಳೆದು ತೆಗೆಯಬೇಕು.

ಇವುಗಳ ಜೊತೆ ಹಳೇ ಕಾಟನ್ ಸೀರೆ ಅಥವಾ ಪಂಚೆಯ ತುಂಡು, ಚೌಕವಾಗಿ ಕತ್ತರಿಸಿದ್ದು, ಆರು ಇರಲಿ. ನಮ್ಮ ಅತ್ತೆ ಬ್ಯಾಗ್ ನೋಡಿದಾಗಲೆಲ್ಲ "ಇಷ್ಟೆಲ್ಲ ಯಾಕೆ ಮಾರಾಯ್ತಿ, ನಾವೆಲ್ಲ ಸೀರೆ ಚೂರಲ್ಲೇ ಮಕ್ಕಳನ್ನ ಸಾಕಿಲ್ವಾ?" ಅನ್ನುತ್ತಾರೆ. ಸೀರೆ ಚೂರಿನ ವಿಷಯದಲ್ಲಿ ಅವರ ಮಾತು ನೂರಕ್ಕೆ ನೂರು ಸರಿ. ಅಂಗಡಿಯ ದಪ್ಪ ಟವೆಲ್ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಒಗೆದು ಒಗೆದು ತೆಳ್ಳಗಾದ ಸೀರೆ ತುಂಡು ಫ್ಯಾನಿನ ಕೆಳಗೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಕಕ್ಕಿದ ಹಾಲು ಒರೆಸಲು, ಎದೆಯ ಮೇಲೆ ಹಾಸಲು, ಬದಲಾಯಿಸುವಾಗ ಕೆಳಗೆ ಹಾಕಲು, ಹಾಲೂಡಿಸುವಾಗ ಮರೆಗೆ, ಎಲ್ಲಕ್ಕೂ ಅದೇ.

ಅಮ್ಮನಿಗೂ ಒಂದು ಬದಲಿ ಮೇಲಂಗಿ ಇರಲಿ. ಮಗುವಿನ ಉಚ್ಚೆಯೋ ಕಕ್ಕಿದ ಹಾಲೋ ಹತ್ತಿ ಒದ್ದೆಯಾದ ಬಟ್ಟೆಯಲ್ಲಿ, ತಣ್ಣನೆ ಗಾಳಿಯಲ್ಲಿ ಗಂಟೆಗಟ್ಟಲೆ ಕೂರುವ ಬಾಣಂತಿಯ ಕಷ್ಟ ಬೇರೆ ಯಾರ ಗಮನಕ್ಕೂ ಬರುವುದಿಲ್ಲ. ಎದೆಗೆ ಇಡುವ ಪ್ಯಾಡ್, ಎರಡು ಸ್ಯಾನಿಟರಿ ಪ್ಯಾಡ್, ಕುಡಿಯುವ ನೀರು ಕೂಡ ಆ ಕವರಿಗೇ ಸೇರಲಿ.

ಹೆಜ್ಜೆ 4: ಸ್ವಚ್ಛ ಮಾಡುವ ಸಾಮಾನು

ರಬ್ಬರ್ ಶೀಟ್ ಒಂದು, ವೈಪ್ಸ್ ಒಂದು ಪ್ಯಾಕೆಟ್, ಚಿಕ್ಕ ಸೋಪು, ಜಿಂಕ್ ಆಕ್ಸೈಡ್ ಇರುವ ಕ್ರೀಮ್, ಹಳೇ ಪೇಪರ್ ಹಾಳೆಗಳು. ಸ್ಯಾನಿಟೈಸರ್ ಇದ್ದರೂ ಸೋಪು ಬೇಕೇ ಬೇಕು. ಕಣ್ಣಿಗೆ ಕಾಣುವ ಕೊಳೆ ಕೈಗೆ ಹತ್ತಿದ್ದಾಗ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಮಳೆಗಾಲದಲ್ಲಿ ವೈಪ್ಸ್ ತಣ್ಣಗೆ ಕೊರೆಯುತ್ತದೆ, ಮಗು ಬೆಚ್ಚಿ ಅಳುತ್ತದೆ. ತೆಗೆದ ವೈಪ್ಸನ್ನು ಎರಡು ಅಂಗೈ ನಡುವೆ ಒಂದು ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ. ಒರೆಸುವುದು ಯಾವಾಗಲೂ ಮುಂದಿನಿಂದ ಹಿಂದಕ್ಕೆ, ಹೆಣ್ಣು ಮಗುವಿಗಂತೂ ಇದನ್ನು ಮರೆಯಲೇಬಾರದು. ಒರೆಸಿದ ಮೇಲೆ ಒಣ ಸೀರೆ ತುಂಡಿನಿಂದ ಒತ್ತಿ ತೇವ ತೆಗೆಯಿರಿ, ಉಜ್ಜಬೇಡಿ. ಸಂದಿಗಳು ಪೂರ್ತಿ ಒಣಗಿದ ಮೇಲೆ ಕ್ರೀಮ್. ಒದ್ದೆ ಚರ್ಮದ ಮೇಲೆ ಕ್ರೀಮ್ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಪೌಡರ್ ಬೇಡ. ಮಗು ಅದನ್ನು ಉಸಿರಿನ ಜೊತೆ ಎಳೆದುಕೊಳ್ಳುತ್ತದೆ.

ಒಂದು ವಿಷಯ ಗುರುತು ಹಿಡಿಯಲು ಕಲಿಯಿರಿ. ಸಾಮಾನ್ಯ ರ‍್ಯಾಶ್ ಡೈಪರ್ ತಾಗುವ ಉಬ್ಬಿದ ಜಾಗಗಳಲ್ಲಿ ಕೆಂಪಾಗುತ್ತದೆ, ಸಂದಿ ಒಳಗೆ ಚೆನ್ನಾಗೇ ಇರುತ್ತದೆ. ತೇವದಿಂದ ಫಂಗಸ್ ಹಿಡಿದಿದ್ದರೆ ಸಂದಿಯ ಒಳಗೇ ಗಾಢ ಕೆಂಪು, ಸುತ್ತಲೂ ಚಿಕ್ಕ ಚಿಕ್ಕ ಕೆಂಪು ಚುಕ್ಕೆ. ಇದಕ್ಕೆ ಜಿಂಕ್ ಕ್ರೀಮ್ ಎಷ್ಟು ಹಚ್ಚಿದರೂ ಸಾಲದು, ಡಾಕ್ಟರ್ ಬೇರೆ ಮುಲಾಮು ಕೊಡಬೇಕು.

ಹೆಜ್ಜೆ 5: ಹಾಲು ಮತ್ತು ಔಷಧಿ

ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ಬ್ಯಾಗಿನಲ್ಲಿ ಏನೂ ಬೇಡ, ಆರು ತಿಂಗಳವರೆಗೆ ನೀರೂ ಬೇಡ. ಪುಡಿ ಹಾಲು ಕುಡಿಯುವ ಮಗುವಾದರೆ ಕಲಸಿದ ಹಾಲನ್ನು ಒಯ್ಯಬೇಡಿ. ಒಂದೊಂದು ಸಲಕ್ಕೆ ಬೇಕಾದ ಪುಡಿ ಬೇರೆ ಬೇರೆ ಒಣ ಡಬ್ಬಿಯಲ್ಲಿ, ಕುದಿಸಿದ ನೀರು ಫ್ಲಾಸ್ಕಿನಲ್ಲಿ, ಕುದಿಸಿ ಒಣಗಿಸಿದ ಬಾಟಲಿ ಪ್ರತಿ ಸಲಕ್ಕೂ ಒಂದು. ಕಲಸುವ ನೀರು ಚೆನ್ನಾಗಿ ಬಿಸಿ ಇರಬೇಕು, ಸುಮಾರು 70 ಡಿಗ್ರಿ. ಆಮೇಲೆ ಬಾಟಲಿಯನ್ನು ತಣ್ಣೀರಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ ಕುಡಿಸಿ. ಕಲಸಿ ಎರಡು ಗಂಟೆಯಾದ ಹಾಲು, ಮಗು ಅರ್ಧ ಕುಡಿದು ಬಿಟ್ಟ ಹಾಲು, ಎರಡನ್ನೂ ಚೆಲ್ಲಿಬಿಡಿ.

ಎರಡು ವರ್ಷದೊಳಗಿನ ಮಕ್ಕಳಿಗೆ ಘಟ್ಟದ ತಿರುವಿಗೆ ತಲೆ ಸುತ್ತಿ ವಾಂತಿಯಾಗುವುದು ಅಪರೂಪ. ದಾರಿಯಲ್ಲಿ ಮಗು ಕಕ್ಕುತ್ತದೆ ಅಂದರೆ ಹೆಚ್ಚಾಗಿ ಹಾಲು ಕುಡಿದ ತಕ್ಷಣ ಹೊರಟದ್ದಕ್ಕೆ. ಕುಡಿಸಿ, ತೇಗು ತೆಗೆಸಿ, ಅರ್ಧ ಗಂಟೆ ಬಿಟ್ಟು ಹೊರಡಿ.

ಔಷಧಿಯಲ್ಲಿ ಡಾಕ್ಟರ್ ಬರೆದುಕೊಟ್ಟ ಪ್ಯಾರಾಸಿಟಮಾಲ್ ಮತ್ತು ಥರ್ಮಾಮೀಟರ್ ಸಾಕು. ಆದರೆ ಒಂದು ಎಚ್ಚರಿಕೆ. ಡ್ರಾಪ್ಸ್ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್‌ನಲ್ಲಿ 5 ಮಿಲಿಗೆ 125 ಮಿಲಿಗ್ರಾಂ ಇರುವಂಥದ್ದು ಸಿಗುತ್ತದೆ. ಸಿರಪ್‌ಗೆ ಹೇಳಿದ ಅಳತೆಯನ್ನು ಡ್ರಾಪ್ಸ್‌ನಲ್ಲಿ ಕೊಟ್ಟರೆ ಮಗುವಿಗೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ. ಹಾಗಾಗಿ ಬ್ಯಾಗಿನಲ್ಲಿ ಒಂದೇ ಬಗೆಯ ಬಾಟಲಿ, ಅದರದ್ದೇ ಡ್ರಾಪರ್ ಇರಲಿ. ಡಾಕ್ಟರ್ ಹೇಳಿದ ಅಳತೆಯನ್ನು, ಸೀಲ್ ಒಡೆದ ತಾರೀಖನ್ನು ಪೆನ್ನಿನಲ್ಲಿ ಬರೆದು ಬಾಟಲಿಗೇ ಅಂಟಿಸಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಔಷಧಿ ಕೊಟ್ಟು ಕಾಯುವುದಲ್ಲ, ತಕ್ಷಣ ಆಸ್ಪತ್ರೆಗೆ ಹೋಗುವುದು. ತಾಯಿ ಕಾರ್ಡಿನ ಜೆರಾಕ್ಸ್ ಒಂದನ್ನು ಜಿಪ್ ಕವರಿನಲ್ಲಿಟ್ಟು ಬ್ಯಾಗಿನ ತಳಕ್ಕೆ ಹಾಕಿಬಿಡಿ.

ಒಂದು ದಿನದ ಲೆಕ್ಕ: ಶಿವಮೊಗ್ಗದಿಂದ ತೀರ್ಥಹಳ್ಳಿಗೆ

ಶ್ರಾವಣ ಮಾಸ. ತೀರ್ಥಹಳ್ಳಿಯ ತವರುಮನೆಯಲ್ಲಿ ಸತ್ಯನಾರಾಯಣ ಪೂಜೆ. ನಾಲ್ಕು ತಿಂಗಳ, ಎದೆಹಾಲು ಕುಡಿಯುವ ಮಗು. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಆರಕ್ಕೆ ವಾಪಸ್ ಅಂದುಕೊಳ್ಳಿ. ಹತ್ತು ಗಂಟೆ. ಮೂರರಿಂದ ಭಾಗಿಸಿ ಮೇಲಕ್ಕೆ ಪೂರ್ತಿ ಮಾಡಿದರೆ ನಾಲ್ಕು, ಎರಡು ಸೇರಿಸಿದರೆ ಆರು ಡೈಪರ್. ಬಟ್ಟೆ ಮೂರು ಸೆಟ್, ಸೀರೆ ತುಂಡು ಆರು, ಖಾಲಿ ಕವರ್ ಆರು.

ಹೊರಡುವ ಹೊತ್ತಿಗೆ ಹೊಸ ಡೈಪರ್ ಹಾಕಿ. ಅದು ಬ್ಯಾಗಿನ ಲೆಕ್ಕಕ್ಕೆ ಬರುವುದಿಲ್ಲ. ಗಾಜನೂರು ದಾಟಿ ಮಂಡಗದ್ದೆ ಹತ್ತಿರ ಬರುವಾಗ ಮಗು ಮುಖ ಕೆಂಪು ಮಾಡಿ ಮುಕ್ಕಿರಿಯುತ್ತದೆ. ಕಾರಾದರೆ ಸುರಕ್ಷಿತ ಜಾಗದಲ್ಲಿ ಪೂರ್ತಿ ನಿಲ್ಲಿಸಿ, ಹಿಂದಿನ ಸೀಟಿನಲ್ಲೇ ಬದಲಾಯಿಸಿ. ಹೊರಗೆ ಮಳೆ ನಿಂತಿದ್ದರೂ ಹುಲ್ಲಿನ ಮೇಲೆ ಶೀಟ್ ಹಾಸಬೇಡಿ, ಉಂಬಳ ಹತ್ತುತ್ತದೆ. ಮೊದಲು ರಬ್ಬರ್ ಶೀಟ್, ಮೇಲೆ ಸೀರೆ ತುಂಡು. ಹೊಸ ಡೈಪರ್ ಬಿಡಿಸಿ ಪಕ್ಕಕ್ಕೆ ಇಟ್ಟುಕೊಂಡ ಮೇಲೆಯೇ ಹಳೆಯದನ್ನು ಬಿಚ್ಚಿ. ಬಿಚ್ಚಿದ ಡೈಪರಿನ ಸ್ವಚ್ಛವಾಗಿರುವ ಮುಂಭಾಗದಿಂದಲೇ ಮೊದಲ ಸಲ ಒರೆಸಿ ತೆಗೆದರೆ ವೈಪ್ಸ್ ಅರ್ಧ ಉಳಿಯುತ್ತದೆ. ಜಬಲದ ಬೆನ್ನಿಗೂ ಹತ್ತಿದ್ದರೆ ಒಂದು ಸೆಟ್ ಪೂರ್ತಿ ಬದಲಿಸಿ.

ಹಳೇ ಡೈಪರನ್ನು ಒಳಮುಖವಾಗಿ ಸುರುಳಿ ಸುತ್ತಿ, ಅದರದ್ದೇ ಅಂಟುಪಟ್ಟಿಯಿಂದ ಬಿಗಿದು, ಪೇಪರಿನಲ್ಲಿ ಸುತ್ತಿ ಕವರಿಗೆ ಹಾಕಿ ಗಂಟು ಕಟ್ಟಿ. ಅದು ಒದ್ದೆ ಭಾಗಕ್ಕೆ. ದಯವಿಟ್ಟು ರಸ್ತೆ ಬದಿಗೆ, ತುಂಗೆಗೆ ಎಸೆಯಬೇಡಿ. ನೀರಿಗೆ ಬಿದ್ದ ಡೈಪರ್ ಊದಿಕೊಂಡು ಕಲ್ಲುಸಂದಿಯಲ್ಲಿ ವರ್ಷಾನುಗಟ್ಟಲೆ ಸಿಕ್ಕಿಕೊಂಡಿರುತ್ತದೆ, ಆ ನೀರನ್ನೇ ಕೆಳಗಿನವರು ಕುಡಿಯೋದು. ಮನೆಗೇ ತನ್ನಿ.

ತವರುಮನೆಯಲ್ಲಿ ಎರಡು ಸಲ, ವಾಪಸ್ ಹೊರಡುವ ಮುಂಚೆ ಒಂದು ಸಲ ಬದಲಾಯಿಸುತ್ತೀರಿ. ಅಲ್ಲಿ ಬಚ್ಚಲೊಲೆಯ ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದೆ. ವೈಪ್ಸ್ ಬಿಟ್ಟು ಉಗುರು ಬೆಚ್ಚಗಿನ ನೀರಿನಲ್ಲೇ ತೊಳೆಯಿರಿ. ಒದ್ದೆಯಾದ ಜಬಲವನ್ನು ಒಲೆಯ ಮೇಲಿನ ತಂತಿಗೆ ಹಾಕಿದರೆ ಒಣಗಿ ಬರುತ್ತದೆ, ಆದರೆ ಹೊಗೆ ವಾಸನೆ ಹತ್ತಿದ್ದನ್ನು ಒಗೆಯದೆ ಮಗುವಿಗೆ ಹಾಕಬೇಡಿ.

ಸಂಜೆಗೆ ಲೆಕ್ಕ ಹೀಗಿರುತ್ತದೆ: ನಾಲ್ಕು ಡೈಪರ್, ಎರಡು ಸೆಟ್ ಬಟ್ಟೆ, ಐದು ಸೀರೆ ತುಂಡು, ನಾಲ್ಕೈದು ಕವರ್ ಖರ್ಚು. ವೈಪ್ಸ್ ಕಾಲು ಪ್ಯಾಕೆಟ್ ಖಾಲಿ.

ಹೆಜ್ಜೆ 6: ಮನೆಗೆ ಬಂದ ಕೂಡಲೇ

ಬ್ಯಾಗನ್ನು ಮೊಳೆಗೆ ಹಾಕುವ ಮುಂಚೆ ಈ ಕೆಲಸ ಮುಗಿಯಬೇಕು. ಅಮ್ಮ ಮಗುವಿಗೆ ಹಾಲೂಡಿಸುವ ಹೊತ್ತಿನಲ್ಲಿ ಮನೆಯ ಇನ್ನೊಬ್ಬರು ಮಾಡಬೇಕಾದ ಕೆಲಸ ಇದು. ಅಪ್ಪನಿಗೆ ಒಪ್ಪಿಸಿಬಿಡಿ. ಹದಿನೈದು ನಿಮಿಷ ಸಾಕು.

ಮೊದಲು ಒದ್ದೆ ಭಾಗ ಖಾಲಿ ಮಾಡಿ. ಡೈಪರಿನಲ್ಲಿರುವ ಕಕ್ಕವನ್ನು ಟಾಯ್ಲೆಟ್ಟಿಗೆ ಕೊಡವಿ, ಪೇಪರಿನಲ್ಲಿ ಸುತ್ತಿ, ಗುರುತು ಹಾಕಿ, ಕಸದ ಗಾಡಿಗೆ ಪ್ರತ್ಯೇಕವಾಗಿ ಕೊಡಲು ಇಡಿ. ಬಟ್ಟೆಯನ್ನು ಆಗಲೇ ತಣ್ಣೀರಲ್ಲಿ ನೆನೆಹಾಕಿ. ಬಿಸಿನೀರಲ್ಲಿ ಮೊದಲೇ ಹಾಕಿದರೆ ಹಾಲಿನ, ಕಕ್ಕದ ಕಲೆ ಕೂತುಬಿಡುತ್ತದೆ. ಕವರಿನಲ್ಲೇ ಒಂದು ರಾತ್ರಿ ಬಿಟ್ಟರೆ ಮುಗ್ಗಲು ವಾಸನೆ ಹಿಡಿದು ಎಷ್ಟು ಒಗೆದರೂ ಹೋಗುವುದಿಲ್ಲ.

ಆಮೇಲೆ ಒಣ ಭಾಗವನ್ನೂ ಪೂರ್ತಿ ಖಾಲಿ ಮಾಡಿ. ಉಳಿದ ಎರಡು ಡೈಪರ್, ಒಂದು ಸೆಟ್ ಬಟ್ಟೆ ತೆಗೆದು ಮುಟ್ಟಿ ನೋಡಿ. ಬಟ್ಟೆ ಒಣಗಿದೆಯೋ ಇಲ್ಲವೋ ಅಂತ ಕೈಗಿಂತ ಕೆನ್ನೆಗೆ ಚೆನ್ನಾಗಿ ತಿಳಿಯುತ್ತದೆ. ತಣ್ಣಗೆ ತಾಗಿದರೆ ಇನ್ನೂ ತೇವ ಇದೆ. ಬ್ಯಾಗನ್ನು ಒಳಹೊರಗು ಮಾಡಿ, ರಬ್ಬರ್ ಶೀಟನ್ನು ಸೋಪಿನ ನೀರಲ್ಲಿ ಒರೆಸಿ, ಎರಡನ್ನೂ ರಾತ್ರಿ ಫ್ಯಾನಿನ ಕೆಳಗೆ ಬಿಡಿ.

ಖರ್ಚಾದದ್ದನ್ನು ಆಗಲೇ ತುಂಬಿ. ಬ್ಯಾಗ್ ಇನ್ನೂ ಒಣಗುತ್ತಿದ್ದರೆ ತುಂಬಿದ ಜಿಪ್ ಕವರುಗಳನ್ನು ಒಂದು ಬುಟ್ಟಿಯಲ್ಲಿಟ್ಟು ಬ್ಯಾಗಿನ ಪಕ್ಕದಲ್ಲೇ ಇಡಿ. ತುಂಬುವವರಿಗೆ ನೆನಪಿಟ್ಟುಕೊಳ್ಳುವ ತೊಂದರೆ ಬೇಡ ಅಂತ ಒಂದು ಚೀಟಿ ಬರೆದು, ಎರಡೂ ಕಡೆ ಅಗಲ ಸೆಲ್ಲೋಟೇಪ್ ಹಚ್ಚಿ, ಬ್ಯಾಗಿನ ಜಿಪ್ಪಿಗೇ ಕಟ್ಟಿಬಿಡಿ. ಟೇಪ್ ಇಲ್ಲದ ಚೀಟಿ ಒಂದೇ ಮಳೆಗೆ ಕಲಸಿಹೋಗುತ್ತದೆ. ನಾಲ್ಕು ತಿಂಗಳ ಮಗುವಿನ ಚೀಟಿ ಹೀಗಿರಬಹುದು:

- ಡೈಪರ್ 6, ಒಂದೇ ಸೈಜ್
- ಬಟ್ಟೆ ಸೆಟ್ 3, ಸೀರೆ ತುಂಡು 6
- ವೈಪ್ಸ್: ಅರ್ಧಕ್ಕಿಂತ ಕಮ್ಮಿ ಇದ್ದರೆ ಹೊಸ ಪ್ಯಾಕೆಟ್
- ಕವರ್ 6, ಪೇಪರ್ ಹಾಳೆ 6
- ಕ್ರೀಮ್, ಸೋಪು, ರಬ್ಬರ್ ಶೀಟ್
- ಔಷಧಿ, ಡ್ರಾಪರ್, ಥರ್ಮಾಮೀಟರ್
- ಅಮ್ಮನ ಮೇಲಂಗಿ, ಪ್ಯಾಡ್, ನೀರಿನ ಬಾಟಲಿ (ಹೊಸ ನೀರು)

ವೈಪ್ಸ್ ಪ್ಯಾಕೆಟ್ಟನ್ನು ಮುಚ್ಚಳ ಕೆಳಗಾಗಿ ಬೋರಲು ಇಡಿ. ನೀರಿನಂಶ ತಳಕ್ಕೆ ಇಳಿಯುವುದರಿಂದ ಮೇಲಿನವು ಮೊದಲು ಒಣಗುತ್ತವೆ.

ತಿಂಗಳಿಗೊಮ್ಮೆ

ಲಸಿಕೆಗೆ ಹೋದ ದಿನ ಮಗುವಿನ ತೂಕ ನೋಡುತ್ತಾರಲ್ಲ, ಅವತ್ತೇ ಬ್ಯಾಗಿನ ಡೈಪರ್ ಸೈಜ್, ಬಟ್ಟೆಯ ಅಳತೆ ನೋಡಿ. ಮನೆಯಲ್ಲಿ ದೊಡ್ಡ ಸೈಜಿಗೆ ಹೋಗಿ ಬ್ಯಾಗಿನಲ್ಲಿ ಹಳೇ ಸೈಜೇ ಉಳಿದಿರುವುದು ತುಂಬಾ ಸಾಮಾನ್ಯ. ಔಷಧಿಯ ಅಳತೆಯೂ ತೂಕದ ಮೇಲೆಯೇ ನಿಂತಿರುವುದರಿಂದ ಅವತ್ತೇ ಡಾಕ್ಟರನ್ನು ಕೇಳಿ ಬಾಟಲಿಯ ಚೀಟಿ ಬದಲಾಯಿಸಿ.

ಆರು ತಿಂಗಳು ತುಂಬಿ ರಾಗಿ ಸರಿ ಶುರುವಾದ ಮೇಲೆ ಕಕ್ಕ ಗಟ್ಟಿಯಾಗುತ್ತದೆ, ಸೋರುವುದು ಕಮ್ಮಿಯಾಗುತ್ತದೆ. ಆಗ ಬಟ್ಟೆ ಒಂದು ಸೆಟ್ ಇಳಿಸಿ, ಆ ಜಾಗಕ್ಕೆ ಚಮಚ, ಬಟ್ಟಲು, ಬಿಬ್, ಕುದಿಸಿ ಆರಿಸಿದ ನೀರು ಸೇರಿಸಿ. ಸರಿ ಮೆತ್ತಿದ ಚಮಚವನ್ನೂ ಒದ್ದೆ ಭಾಗಕ್ಕೇ ಹಾಕಿ.